ಸೆಕೆಂಡಿನ ಮುಳ್ಳು ನಾಲ್ಕು ಸೆಕೆಂಡಿಗೊಮ್ಮೆ ಹಾರುತ್ತಿದೆ: ವಾಚು ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಮಡಿಕೇರಿಯ ಸದಸ್ಯರು: ನಮಸ್ಕಾರ ಸಾರ್. ನನ್ನದು ಇಟಿಎ ಮಷೀನಿನ ಸ್ವಿಸ್ ವಾಚು. ಹೋದ ತಿಂಗಳು ಹೊಸ ಸೆಲ್ ಹಾಕಿಸಿದ್ದೆ. ಈಗ ಬೆಳಗಿನ ಚಳಿಯಲ್ಲಿ ಸೆಕೆಂಡಿನ ಮುಳ್ಳು ನಾಲ್ಕು ಸೆಕೆಂಡು ನಿಂತು ನಾಲ್ಕು ಗೆರೆ ಹಾರುತ್ತದೆ, ಮಧ್ಯಾಹ್ನ ತಾನೇ ಸರಿಹೋಗುತ್ತದೆ. ಸಮಯ ತಪ್ಪಿಲ್ಲ. ಮಷೀನ್ ಕೆಟ್ಟಿದೆಯೇ?

ವಾಚು ತಂತ್ರಜ್ಞರು: ಹಾಕಿಸಿದ ಸೆಲ್ಲಿನ ಮೇಲೆ ಏನು ಬರೆದಿದೆ ಎಂಬುದನ್ನು ಮೊದಲು ತಿಳಿಸಿ.

ಮಡಿಕೇರಿಯ ಸದಸ್ಯರು: ಅಂಗಡಿಯವರನ್ನು ಕೇಳಿದೆ, ಎಜಿ6 ಅಂತೆ.

ವಾಚು ತಂತ್ರಜ್ಞರು: ಹಾಗಿದ್ದರೆ ಮಷೀನಿಗಿಂತ ಮೊದಲು ಸೆಲ್ಲನ್ನು ಅನುಮಾನಿಸಬೇಕು. ಎಜಿ6 ಎಂದು ಮಾರುವುದು ಆಲ್ಕಲೈನ್ ಸೆಲ್. ಅದೇ ಅಳತೆಯಲ್ಲಿ ಬರುವ ಸಿಲ್ವರ್ ಆಕ್ಸೈಡ್ ಸೆಲ್ಲಿನ ಮೇಲೆ 371 ಎಂದೋ ಎಸ್‌ಆರ್920ಎಸ್‌ಡಬ್ಲ್ಯೂ ಎಂದೋ ಇರುತ್ತದೆ, ನಿಮ್ಮ ವಾಚಿಗೆ ಬೇಕಾದದ್ದು ಅದು. ಸಿಲ್ವರ್ ಆಕ್ಸೈಡ್ ಸೆಲ್ ತನ್ನ ಆಯುಷ್ಯದ ಬಹುಪಾಲು 1.55 ವೋಲ್ಟಿನ ಆಸುಪಾಸಿನಲ್ಲೇ ನಿಂತಿದ್ದು ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತದ ಆರಂಭವನ್ನು ಗುರುತಿಸಿದ ಚಿಪ್, ಸೆಲ್ ಮುಗಿಯುತ್ತಿದೆ ಎಂದು ಎಚ್ಚರಿಸಲು ಮುಳ್ಳನ್ನು ತಡೆದಿಟ್ಟು, ನಾಲ್ಕು ಹೆಜ್ಜೆಗಳನ್ನು ಒಟ್ಟಿಗೆ ಹಾಕಿಸುತ್ತದೆ. ಹೆಜ್ಜೆಗಳ ಒಟ್ಟು ಲೆಕ್ಕ ಬದಲಾಗದ ಕಾರಣ ನಿಮ್ಮ ಸಮಯ ತಪ್ಪಿಲ್ಲ. ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ಮೊದಲಿನಿಂದಲೂ ಇಳಿಯುತ್ತಲೇ ಹೋಗುವುದರಿಂದ, ಒಳಗೆ ಸಾಕಷ್ಟು ಶಕ್ತಿ ಉಳಿದಿರುವಾಗಲೇ ಅದು ಎಚ್ಚರಿಕೆಯ ಮಿತಿಗೆ ಬಂದುಬಿಡುತ್ತದೆ. ಚಳಿಯಲ್ಲಿ ವೋಲ್ಟೇಜ್ ಇನ್ನಷ್ಟು ಬಗ್ಗುತ್ತದೆ, ಬಿಸಿಲೇರಿದಾಗ ಮೇಲೇಳುತ್ತದೆ.

ಆದರೂ ಒಂದು ಲೆಕ್ಕ ಮಾಡಿ ನೋಡೋಣ. ಇಂತಹ ಸೆಲ್ಲಿನಲ್ಲಿ ಸುಮಾರು 40 ಮಿಲಿಆಂಪ್-ಗಂಟೆ ಇರುತ್ತದೆ ಎಂದುಕೊಳ್ಳಿ. ಆರೋಗ್ಯವಂತ ಮಷೀನ್ ಒಂದೂಕಾಲು ಮೈಕ್ರೋಆಂಪಿನಷ್ಟು ಎಳೆದರೆ ಅದು ಮೂರೂವರೆ ವರ್ಷ ಬಾಳಬೇಕು. ಒಂದೇ ತಿಂಗಳಲ್ಲಿ ಖಾಲಿಯಾಗಬೇಕಾದರೆ 55 ಮೈಕ್ರೋಆಂಪ್ ಎಳೆಯಬೇಕು, ಬರೀ ಎಣ್ಣೆ ಒಣಗಿದ್ದರಿಂದ ಅಷ್ಟಾಗುವುದಿಲ್ಲ. ಆದ್ದರಿಂದ 371 ಹಾಕಿಸಿ, ಹಾಕಿಸುವಾಗಲೇ ಮಷೀನ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯಿಸಿ. ಹಳೆಯದನ್ನು ಒಳಗೇ ಬಿಡಬೇಡಿ. ಆಲ್ಕಲೈನ್ ಸೆಲ್ ಸೋರಿದರೆ ಕೂದಲಿಗಿಂತ ತೆಳುವಾದ ಕಾಯಿಲ್ ತಂತಿ ಹಸಿರುಗಟ್ಟಿ ತುಂಡಾಗುತ್ತದೆ.

ಹಾವೇರಿಯ ಸದಸ್ಯೆ: ಸೆಲ್ಲನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬಟ್ಟೆಯಿಂದ ಉಜ್ಜಿ ಹಾಕಿದರೆ ಆರು ತಿಂಗಳು ನಡೆಯುತ್ತದೆ ಎಂದು ನಮ್ಮ ಫ್ಯಾಮಿಲಿ ಗುಂಪಿನಲ್ಲಿ ಬಂದಿದೆ. ಚಾರ್ಜರಿಗೆ ಹಾಕುವ ವಿಡಿಯೊ ಕೂಡ ಇದೆ.

ವಾಚು ತಂತ್ರಜ್ಞರು: ದಯವಿಟ್ಟು ಇಂಥದ್ದನ್ನು ಇಲ್ಲಿಗೆ ತರಬೇಡಿ ತಾಯಿ. ಈ ಸೆಲ್ಲುಗಳು ಚಾರ್ಜ್ ಮಾಡುವಂಥವಲ್ಲ, ಬಲವಂತ ಮಾಡಿದರೆ ಸಿಡಿಯುತ್ತವೆ. ಹೊರತೆಗೆದ ಸೆಲ್ ಮಕ್ಕಳ ಕೈಗೂ ಸಿಗಬಾರದು. ನುಂಗಿದ ಮಗುವನ್ನು ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬೆಳಗಾವಿಯ ಸದಸ್ಯರು: ಇಷ್ಟೆಲ್ಲ ಏಕೆ? ಮುಳ್ಳು ಹಾರಿದರೆ ವಾಚನ್ನು ಬಿಸಿಲಿಗಿಟ್ಟರೆ ಮುಗಿಯಿತು. ನನ್ನದು ಹಾಗೆಯೇ ಸರಿಹೋಯಿತು.

ತುಮಕೂರಿನ ಸದಸ್ಯರು: ನಿಮ್ಮದು ಸೋಲಾರ್ ವಾಚು ಇರಬೇಕು. ಅದರ ಮುಳ್ಳು ಎರಡು ಸೆಕೆಂಡಿಗೊಮ್ಮೆ ಹಾರುತ್ತದೆ, ಅದು ಬೆಳಕು ಸಾಲದೆಂಬ ಸೂಚನೆ. ಅವರದು ಸೆಲ್ ವಾಚು.

ಬೆಳಗಾವಿಯ ಸದಸ್ಯರು: ಎರಡೋ ನಾಲ್ಕೋ, ನಾನು ಎಣಿಸುತ್ತಾ ಕೂರಲಿಲ್ಲ. ಹಾರುವಾಗ ಸಮಯ ಹಿಂದೆ ಬೀಳುತ್ತದೆ ಎಂಬುದಂತೂ ಖಂಡಿತ.

ತುಮಕೂರಿನ ಸದಸ್ಯರು: ಮೇಲೆ ಬರೆದದ್ದನ್ನು ಓದದೆಯೇ ವಾದಿಸುತ್ತಿದ್ದೀರಿ. ಎಣಿಸದೆ ಖಂಡಿತ ಎನ್ನುವುದು ಹೇಗೆ?

ವಾಚು ತಂತ್ರಜ್ಞರು: ತುಮಕೂರಿನವರು ಹೇಳಿದ್ದು ಸರಿ. ಆದರೆ ಸೆಲ್ ಇನ್ನೂ ಕುಸಿದು ಹೆಜ್ಜೆಯೇ ತಪ್ಪತೊಡಗಿದರೆ ಸಮಯವೂ ಹಿಂದೆ ಬೀಳುತ್ತದೆ.

ಬೆಳಗಾವಿಯ ಸದಸ್ಯರು: ನಾನು ಹೇಳಿದ್ದೂ ಅದನ್ನೇ.

ತುಮಕೂರಿನ ಸದಸ್ಯರು: ಅದನ್ನಲ್ಲ.

ಉಡುಪಿಯ ಸದಸ್ಯೆ: ನನ್ನ ವಾಚಿನ ಮುಳ್ಳು ಹಾರುವುದಿಲ್ಲ, ಒಂದೇ ಗೆರೆಯ ಮೇಲೆ ನಡುಗುತ್ತದೆ. ಇದೂ ಸೆಲ್ಲಿನ ಎಚ್ಚರಿಕೆಯೇ?

ವಾಚು ತಂತ್ರಜ್ಞರು: ಅಲ್ಲ. ಚಿಪ್ ಹೆಜ್ಜೆ ಹಾಕಿಸುತ್ತಿದೆ, ಗೇರು ತಿರುಗುತ್ತಿಲ್ಲ. ಸೆಲ್ ಬದಲಿಸಿದ ಮೇಲೂ ನಡುಗಿದರೆ ಮಷೀನನ್ನು ಬಿಚ್ಚಿ ತೊಳೆಯಿಸಬೇಕು.

ಧಾರವಾಡದ ಸದಸ್ಯರು: ಸೆಲ್ ಬದಲಿಸುವಾಗ ಹಿಂಬದಿಯ ರಬ್ಬರ್ ರಿಂಗನ್ನೂ ಬದಲಿಸಬೇಕೇ?

ಮೈಸೂರಿನ ಸದಸ್ಯರು: ನನ್ನದೂ ನಾಲ್ಕು ನಾಲ್ಕು ಹಾರುತ್ತಿದೆ, ಏನು ಮಾಡಲಿ?

ವಾಚು ತಂತ್ರಜ್ಞರು: ಸೆಲ್ ಬದಲಿಸಿ.

ಕೋಲಾರದ ಸದಸ್ಯರು: ಹಾರಲು ಶುರುವಾದ ಮೇಲೆ ಎಷ್ಟು ದಿನ ನಡೆಯುತ್ತದೆ? ನನ್ನದೂ ಹಾರುತ್ತಿದೆ.

ವಾಚು ತಂತ್ರಜ್ಞರು: ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಎಷ್ಟು ದಿನ ಎಂದು ಪರೀಕ್ಷಿಸಬೇಡಿ, ಬದಲಿಸಿ. ಇದೇ ಪ್ರಶ್ನೆಗೆ ಮತ್ತೆ ಉತ್ತರಿಸುವುದಿಲ್ಲ.

ಮಡಿಕೇರಿಯ ಸದಸ್ಯರು: ಸಾರ್, 371 ಹಾಕಿಸಿದೆ, ಬೆಳಿಗ್ಗೆಯೂ ಹಾರುತ್ತಿಲ್ಲ. ಅಳೆದಾಗ 4 ಮೈಕ್ರೋಆಂಪ್ ಬಂದಿತು. ಇದು ಸರಿಯೇ?

ವಾಚು ತಂತ್ರಜ್ಞರು: ಸರಿಯಲ್ಲ. ಆ ಲೆಕ್ಕದಲ್ಲಿ ಹೊಸ ಸೆಲ್ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ನಡೆದೀತು, ಅಷ್ಟೆ. ಮಷೀನ್ ತೊಳೆಸಿ, ಹೊಸ ಎಣ್ಣೆ ಹಾಕಿಸಿ ಮತ್ತೆ ಅಳೆಯಿಸಿ. ಆಗಲೂ ಇಳಿಯದಿದ್ದರೆ ತೊಂದರೆ ಸರ್ಕ್ಯೂಟಿನಲ್ಲೋ ಕಾಯಿಲ್‌ನಲ್ಲೋ ಎಂಬುದನ್ನು ಕೈಯಲ್ಲಿ ಹಿಡಿದು ನೋಡದೆ ಹೇಳಲಾರೆ.