ಹಾಲೋ ಬ್ಲಾಕ್ ಗೋಡೆಯಲ್ಲಿ ಪ್ಲಗ್ ಸುಮ್ನೆ ತಿರುಗುತ್ತದೆ, ಶೆಲ್ಫ್ ನಿಲ್ಲಿಸುವುದು ಹೇಗೆ?

ರಿಪ್ಪನ್‌ಪೇಟೆಯಿಂದ ಪ್ರಶ್ನೆ:
ನಮ್ಮ ಹಳೇ ಮನೆ ಇಟ್ಟಿಗೆಯದ್ದು. ಹಿಂದೆ ಹೊಸದಾಗಿ ಕಟ್ಟಿಸಿದ ಅಡುಗೆಮನೆ ಆರಿಂಚಿನ ಹಾಲೋ ಬ್ಲಾಕ್. ಅಲ್ಲಿ ಮೂರಡಿ ಉದ್ದದ ಶೆಲ್ಫ್ ಹಾಕಬೇಕು, ಉಪ್ಪಿನಕಾಯಿ ಭರಣಿ, ಸಾಮಾನಿನ ಡಬ್ಬಿ ಇಡಲಿಕ್ಕೆ. 6 ಎಂಎಂ ಬಿಟ್‌ನಲ್ಲಿ ಹ್ಯಾಮರ್ ಹಾಕಿ ಕೊರೆದೆ, ಬಿಳಿ ಪ್ಲಗ್ ಕೂರಿಸಿದೆ, ಒಂದೂವರೆ ಇಂಚಿನ ಕರಿ ಸ್ಕ್ರೂ ತಿರುಗಿಸಿದೆ. ಬಿಗಿಯಾಗುವುದೇ ಇಲ್ಲ, ಪ್ಲಗ್ ಸಮೇತ ಸುತ್ತುತ್ತದೆ. ಇದೇ ಸಾಮಾನು ಹಳೇ ಗೋಡೆಯಲ್ಲಿ ಗಟ್ಟಿಯಾಗಿ ಕೂತಿದೆ. ಎಂಥ ಪ್ಲಗ್ ತರಬೇಕು?

ಶಿವಮೊಗ್ಗದ ಫಿಟ್ಟರ್:
ಪ್ಲಗ್ ಬದಲಿಸಬೇಕು ನಿಜ, ಆದರೆ ಅದಕ್ಕೂ ಮೊದಲು ಹ್ಯಾಮರ್ ಬಂದ್ ಮಾಡಿ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಬ್ಲಾಕ್ ಆರಿಂಚು ದಪ್ಪ ಅಂತ ಕಂಡರೂ ನಿಮ್ಮ ಕಡೆ ಇರುವ ಗಟ್ಟಿ ಭಾಗ ಸುಮಾರು ಒಂದಿಂಚು ಮಾತ್ರ, ಅದರ ಹಿಂದೆ ಪೊಳ್ಳು. ಹ್ಯಾಮರ್ ಹಾಕಿ ಕೊರೆದಾಗ ಬಿಟ್ ಆ ಒಂದಿಂಚನ್ನು ಹಿಂದಿನಿಂದ ಒಡೆದುಕೊಂಡು ಹೊರಬೀಳುತ್ತದೆ. ಮುಂದೆ ನೋಡಿದರೆ ತೂತು ಚೊಕ್ಕವಾಗಿ 6 ಎಂಎಂ ಇರುತ್ತದೆ, ಒಳಗಡೆ ಮಾತ್ರ ಬಟ್ಟಲಿನ ಹಾಗೆ ಅಗಲವಾಗಿ ಉದುರಿಹೋಗಿರುತ್ತದೆ. ಈಗ ನಿಮ್ಮ ಪ್ಲಗ್ ಲೆಕ್ಕ ಹಾಕಿ. 6 ಎಂಎಂ ಪ್ಲಗ್ ಸಾಮಾನ್ಯವಾಗಿ 30 ಎಂಎಂ ಉದ್ದ. ಅದರಲ್ಲಿ 15 ಎಂಎಂ ಪ್ಲಾಸ್ಟರಿಂಗ್‌ನಲ್ಲೇ ಕೂತಿದೆ. ಪ್ಲಾಸ್ಟರ್ ಭಾರ ಹಿಡಿಯುವುದಿಲ್ಲ, ಅದನ್ನು ಲೆಕ್ಕಕ್ಕೆ ತಗೊಳ್ಳಲೇಬಾರದು. ಉಳಿದ 15 ಎಂಎಂ ಈ ಉದುರಿದ ಜಾಗದಲ್ಲಿದೆ. ಸ್ಕ್ರೂ ಹಾಕಿದಾಗ ಪ್ಲಗ್ ಅರಳಿ ಯಾವುದನ್ನಾದರೂ ಒತ್ತಬೇಕು ಅಲ್ವಾ, ಅಲ್ಲಿ ಒತ್ತಲಿಕ್ಕೆ ಏನೂ ಇಲ್ಲ. ಹಳೇ ಇಟ್ಟಿಗೆ ಪೂರ್ತಿ ಗಟ್ಟಿ, ಸುತ್ತಲೂ ಒತ್ತಲಿಕ್ಕೆ ಜಾಗ ಇದೆ, ಹಾಗಾಗಿ ಅದೇ ಪ್ಲಗ್ ಅಲ್ಲಿ ಕೂತಿತು.

ಪೊಳ್ಳು ಗೋಡೆಗೆ ಬೇಕಾದ್ದು ಗಂಟು ಕಟ್ಟುವ ನೈಲಾನ್ ಪ್ಲಗ್. ಅಂಗಡಿಯಲ್ಲಿ ಯುನಿವರ್ಸಲ್ ಪ್ಲಗ್ ಅಂತ ಕೇಳಿ. 8 ಎಂಎಂ ದಪ್ಪ, ಉದ್ದ 50ಕ್ಕಿಂತ ಕಡಿಮೆ ಬೇಡ, ಬಾಯಿಯಲ್ಲಿ ಸಣ್ಣ ಅಂಚು ಇರಲಿ. ಅಂಚಿಲ್ಲದ್ದು ಪೊಳ್ಳಿನೊಳಗೆ ಬಿದ್ದುಹೋಗುತ್ತದೆ. ಪ್ಲಾಸ್ಟರ್ 15, ಬ್ಲಾಕಿನ ಗೋಡೆ 25-30, ಅಲ್ಲಿಗೆ 40-45 ಆಯಿತು. 50-60ರ ಪ್ಲಗ್ ಆದರೆ ತುದಿ ಪೊಳ್ಳಿಗೆ ದಾಟಿರುತ್ತದೆ. ಸ್ಕ್ರೂ ತಿರುಗಿಸುತ್ತಾ ಹೋದ ಹಾಗೆ ಆ ತುದಿ ಹಿಂದಕ್ಕೆ ಎಳೆದುಕೊಂಡು ಗಂಟಾಗಿ ಉಬ್ಬುತ್ತದೆ, ಬ್ಲಾಕಿನ ಬೆನ್ನಿಗೆ ಕಚ್ಚಿಕೊಳ್ಳುತ್ತದೆ.

ಗಂಟು ಬೀಳಬೇಕಾದರೆ ಸ್ಕ್ರೂ ಪ್ಲಗ್‌ನ ತುದಿಯನ್ನು ದಾಟಿ ಒಂಚೂರು ಹೊರಬರಬೇಕು. ಎಷ್ಟೋ ಜನ ಪ್ಲಗ್ ಸರಿಯಾದ್ದೇ ತಂದು ಗಿಡ್ಡ ಸ್ಕ್ರೂ ಹಾಕಿ ಕೆಡಿಸುತ್ತಾರೆ. ಪ್ಲಗ್ ಉದ್ದ, ಬ್ರಾಕೆಟ್ ದಪ್ಪ, ಅದರ ಮೇಲೆ ಸ್ಕ್ರೂ ದಪ್ಪದಷ್ಟು, ಇಷ್ಟು ಕೂಡಿಸಿ. ನಿಮಗೆ 50, 3, 5, ಅಂದರೆ 58. ಅಂಗಡಿಯಲ್ಲಿ ಹತ್ತು ನಂಬರಿನ ಎರಡೂವರೆ ಇಂಚಿನ ಸ್ಕ್ರೂ ಕೇಳಿದರೆ ಸರಿಹೋಗುತ್ತದೆ. ಕರಿ ಸ್ಕ್ರೂ ಬೇಡವೇ ಬೇಡ. ಅದು ಜಿಪ್ಸಮ್ ಬೋರ್ಡಿಗೆ ಮಾಡಿದ್ದು, ಬಾಗುವುದಿಲ್ಲ, ಅಡ್ಡ ಭಾರಕ್ಕೆ ಪಟಕ್ಕನೆ ಮುರಿಯುತ್ತದೆ. ನಮ್ಮ ಮಳೆಗಾಲಕ್ಕೆ ಬೇಗ ತುಕ್ಕೂ ಹಿಡಿಯುತ್ತದೆ. ಅಡುಗೆಮನೆ, ಬಚ್ಚಲುಮನೆಗೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ತಗೊಳ್ಳಿ.

ಇನ್ನು ಕೊರೆಯುವುದು. ಮೆಷಿನ್ ಮೇಲೆ ಸುತ್ತಿಗೆ ಗುರುತಿನಿಂದ ಬಿಟ್ ಗುರುತಿಗೆ ತಿರುಗಿಸಿ. ಹೊಸದಾದ 8 ಎಂಎಂ ಕಾರ್ಬೈಡ್ ತುದಿಯ ಬಿಟ್ ಹಾಕಿ. ಹ್ಯಾಮರ್ ಇಲ್ಲದೆ ಸ್ವಲ್ಪ ನಿಧಾನ, ಆದರೂ ಬ್ಲಾಕ್ ಮೆತ್ತಗೆ ಕೊರೆಯುತ್ತದೆ. ಬಿಟ್ ಫಕ್ಕನೆ ಒಳಗೆ ನುಗ್ಗಿತು ಅಂದರೆ ಪೊಳ್ಳು ಸಿಕ್ಕಿತು ಅಂತ, ಆಗ ಒತ್ತುವುದು ನಿಲ್ಲಿಸಿ. ಹಳೇ ತೂತಿನಿಂದ ನಾಲ್ಕಿಂಚಾದರೂ ಸರಿದು ಹೊಸ ತೂತು ಹಾಕಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ಅಲ್ಲಿ ಪೈಪ್ ಹೋಗಿರುತ್ತದೆ.

ಭದ್ರಾವತಿಯಿಂದ ಒಬ್ಬರು:
ಇಷ್ಟೆಲ್ಲ ಯಾಕೆ ಮಾರಾಯ್ರೆ? ತೂತು ದೊಡ್ಡದಾದರೆ ಸಿಮೆಂಟ್ ಕಲಸಿ ತುಂಬಿ, ಅದರಲ್ಲೇ ಪ್ಲಗ್ ಒತ್ತಿಬಿಡಿ. ನಮ್ಮನೆ ಫೋಟೋಗಳೆಲ್ಲ ಹಾಗೇ ನಿಂತಿವೆ.

ಶಿವಮೊಗ್ಗದ ಫಿಟ್ಟರ್:
ಇಟ್ಟಿಗೆ ಗೋಡೆಗೆ ನೀವು ಹೇಳಿದ್ದು ನಡೆಯುತ್ತದೆ ಅಣ್ಣ. ತೂತಿನ ಧೂಳು ತೆಗೆದು, ನೀರು ಹಚ್ಚಿ, ಸಿಮೆಂಟ್ ತುಂಬಿ, ನಾಲ್ಕೈದು ದಿನ ಬಿಟ್ಟು ಅದರಲ್ಲೇ ಮತ್ತೆ ಕೊರೆದರೆ ಗಟ್ಟಿ ಬರುತ್ತದೆ. ಹಸಿ ಸಿಮೆಂಟಿಗೇ ಪ್ಲಗ್ ಒತ್ತಿ ಸ್ಕ್ರೂ ತಿರುಗಿಸಿದರೆ ಮಾತ್ರ ಏನೂ ಹಿಡಿಯುವುದಿಲ್ಲ. ಹಾಲೋ ಬ್ಲಾಕಿನಲ್ಲಿ ಆ ಕಲಸಿದ್ದು ನಿಲ್ಲುವುದೇ ಇಲ್ಲ, ಒಳಗೆ ಬೀಳುತ್ತದೆ. ಬಾಯಿ ಹತ್ತಿರ ಒಂದು ಬಿಲ್ಲೆ ಉಳಿಯುತ್ತದೆ ಅಷ್ಟೇ. ಫೋಟೋ ಭಾರ ಗೋಡೆಗುಂಟ ಕೆಳಕ್ಕೆ ಎಳೆಯುತ್ತದೆ, ಅದಕ್ಕೆ ಆ ಬಿಲ್ಲೆ ಸಾಕು. ಶೆಲ್ಫ್ ಗೋಡೆಯಿಂದ ಹೊರಕ್ಕೆ ಕೀಳುತ್ತದೆ.

ಎಷ್ಟು ಕೀಳುತ್ತದೆ ಅಂತ ನೋಡೋಣ. ಹಲಗೆ ಸೇರಿ ಸಾಮಾನು 30 ಕೆಜಿ, ಹಲಗೆ ಒಂದಡಿ ಅಗಲ, ಅಂದರೆ 30 ಸೆಂಟಿಮೀಟರ್. ಭಾರ ನಡುವೆ, ಗೋಡೆಯಿಂದ 15 ಸೆಂಟಿಮೀಟರ್ ದೂರ. ಬ್ರಾಕೆಟ್‌ನ ಮೇಲಿನ ಸ್ಕ್ರೂಗೂ ಕೆಳಗಿನ ತುದಿಗೂ 20 ಸೆಂಟಿಮೀಟರ್ ಅಂತರ. 30ನ್ನು 15ರಿಂದ ಗುಣಿಸಿ 20ರಿಂದ ಭಾಗಿಸಿದರೆ ಇಪ್ಪತ್ತೆರಡೂವರೆ ಕೆಜಿ, ಎರಡು ಬ್ರಾಕೆಟ್‌ಗೆ ಹಂಚಿದರೆ ಮೇಲಿನ ಒಂದೊಂದು ಸ್ಕ್ರೂಗೆ 11 ಕೆಜಿ ಚಿಲ್ಲರೆ ಎಳೆತ. ಭರಣಿಗಳನ್ನೆಲ್ಲ ಮುಂದಿನ ಅಂಚಿಗೆ ಇಟ್ಟರೆ ಅದು 22ರ ಹತ್ತಿರ ಹೋಗುತ್ತದೆ. ಬ್ರಾಕೆಟ್ 10 ಸೆಂಟಿಮೀಟರಿನ ಗಿಡ್ಡದ್ದಾದರೆ ಮತ್ತೆ ಎರಡು ಪಟ್ಟು. ಹಾಗಾಗಿ ಪ್ಲಗ್‌ಗೆ ಎಷ್ಟು ಗಮನ ಕೊಡುತ್ತೀರೋ ಬ್ರಾಕೆಟ್‌ಗೂ ಅಷ್ಟೇ ಕೊಡಿ, ಗೋಡೆ ಕಡೆಯ ಕಾಲು ಉದ್ದ ಇರಲಿ. ಮೂರು ಬ್ರಾಕೆಟ್ ಹಾಕಿದರೆ ಇನ್ನೂ ಒಳ್ಳೆಯದು. ಪ್ಯಾಕೆಟ್ ಮೇಲಿನ ಕೆಜಿ ನೋಡಿ ಧೈರ್ಯ ಮಾಡಬೇಡಿ, ಅದನ್ನು ಹೆಚ್ಚಾಗಿ ಕಾಂಕ್ರೀಟಿಗೆ ಬರೆದಿರುತ್ತಾರೆ.

ತೀರ್ಥಹಳ್ಳಿಯಿಂದ ಒಬ್ಬರು:
ಸರ್, ನಮ್ಮ ಬಚ್ಚಲಲ್ಲೂ ಇದೇ ಬ್ಲಾಕ್. 15 ಲೀಟರ್ ಗೀಸರ್ ತಂದಿದ್ದೇವೆ. ಅದರ ಜೊತೆ ಬಂದ ಕಬ್ಬಿಣದ ಆಂಕರ್ ಬೋಲ್ಟ್ ಹಾಕಿದರೆ ಪ್ಲಗ್‌ಗಿಂತ ಗಟ್ಟಿ ಅಲ್ವಾ?

ಶಿವಮೊಗ್ಗದ ಫಿಟ್ಟರ್:
ಕಾಂಕ್ರೀಟ್ ಆದರೆ ಹೌದು ಅಕ್ಕ. ಹಾಲೋ ಬ್ಲಾಕಿಗೆ ಅದನ್ನು ಹಾಕಲೇಬೇಡಿ. ಆ ಬೋಲ್ಟ್ ಬಿಗಿ ಮಾಡಿದಷ್ಟೂ ಅಗಲವಾಗಿ ಸುತ್ತಲಿನದನ್ನು ಬಲವಾಗಿ ತಳ್ಳುತ್ತದೆ, ಒಂದಿಂಚಿನ ಬ್ಲಾಕ್ ಸೀಳಿಬಿಡುತ್ತದೆ. ಸೀಳಿದ್ದು ಟೈಲ್ಸ್ ಹಿಂದೆ ಇರುವುದರಿಂದ ಕಾಣುವುದೂ ಇಲ್ಲ. ನೀರೇ 15 ಕೆಜಿ, ಗೀಸರ್ ಸೇರಿದರೆ ಹೆಚ್ಚುಕಡಿಮೆ 25, ಅದೂ ತಲೆ ಮೇಲೆ ತೂಗುವ ಬಿಸಿನೀರು. ಲಿಂಟಲ್, ಬೀಮ್ ಅಥವಾ ಪಿಲ್ಲರ್‌ಗೆ ಹೊಂದಿಸಿ ಹಾಕಿಸಿ. ಅಲ್ಲಿ ಹ್ಯಾಮರ್ ಹಾಕಿಯೇ ಕೊರೆಯಬೇಕು, ತೂತಿನ ಧೂಳನ್ನು ಪೂರ್ತಿ ಊದಿ ತೆಗೆಯಬೇಕು, ಧೂಳು ಉಳಿದರೆ ಬೋಲ್ಟ್ ಜಾರುತ್ತದೆ. ಕೊರೆಯುವಾಗ ಬಿಟ್ ಮುಂದೆ ಹೋಗದೆ ಕಿರ್ರೆಂದರೆ ಕಂಬಿ ಸಿಕ್ಕಿದೆ ಅಂತ ಅರ್ಥ. ಒತ್ತಬೇಡಿ, ಬಿಟ್‌ನ ತುದಿ ಹಾಳಾಗುತ್ತದೆ, ಕಂಬಿ ಕಡಿಯುವುದೂ ತಪ್ಪು. ಆ ತೂತು ಬಿಟ್ಟು ಬೇರೆ ಜಾಗ ನೋಡಿ. ಕಾಂಕ್ರೀಟ್ ಹತ್ತಿರ ಇಲ್ಲವೇ ಇಲ್ಲ ಅಂದರೆ ಗೋಡೆ ಆಚೆಗೂ ದಾಟುವ ಉದ್ದದ ಬೋಲ್ಟ್ ಹಾಕಿ, ಆಚೆ ಕಡೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿ ಮಾಡಿಸಿ. ಆಚೆ ಕಡೆ ಮಳೆ ಹೊಡೆತಕ್ಕೆ ಸಿಗುವ ಗೋಡೆಯಾದರೆ ತೂತಿನ ಸುತ್ತ ಸೀಲೆಂಟ್ ತುಂಬಬೇಕು.

ಸಾಗರದಿಂದ ಒಬ್ಬರು:
ನಮ್ಮದು ಜಂಬಿಟ್ಟಿಗೆ ಗೋಡೆ. ಅದು ಪೊಳ್ಳಲ್ಲ, ಗಟ್ಟಿಯೇ. ಆದರೂ ಪ್ಲಗ್ ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲ. ನಮ್ಮ ಅಪ್ಪ ಎಲ್ಲ ಕಡೆ ಮರದ ಬೆಣೆ ಹೊಡೆದು ಮೊಳೆ ಹಾಕುತ್ತಿದ್ದರು, ಅದೇ ವಾಸಿ ಅನ್ನಿಸುತ್ತದೆ.

ಶಿವಮೊಗ್ಗದ ಫಿಟ್ಟರ್:
ಜಂಬಿಟ್ಟಿಗೆ ಒಂದೊಂದು ಕಲ್ಲೂ ಬೇರೆ ಬೇರೆ. ಒಳಗೆ ಸಣ್ಣ ಸಣ್ಣ ಗೂಡುಗಳಿರುತ್ತವೆ, ಅದರಲ್ಲಿ ಹಳದಿ ಜೇಡಿ ತುಂಬಿರುತ್ತದೆ. ಕೊರೆಯುವಾಗ ಬರುವ ಪುಡಿ ನೋಡಿ. ಒಣಗಿದ ಕೆಂಪು ಪುಡಿ ಬಂದರೆ ಆ ಜಾಗ ಪರವಾಗಿಲ್ಲ. ಹಳದಿಯಾಗಿ ಬಿಟ್‌ಗೆ ಮೆತ್ತಿಕೊಂಡು ಬಂದರೆ ಜೇಡಿ, ಅಲ್ಲಿ ಪ್ಲಗ್ ನಿಲ್ಲುವುದಿಲ್ಲ, ಸರಿದು ಕೊರೆಯಿರಿ. ಹ್ಯಾಮರ್ ಇಲ್ಲದೆ ಕೊರೆದು, 10 ಎಂಎಂ ದಪ್ಪದ, 80 ಎಂಎಂ ಉದ್ದದ ಪ್ಲಗ್ ಹಾಕುತ್ತೇನೆ ನಾನು. ಬೆಣೆ ಒಣ ಹೆಬ್ಬಲಸಿನದ್ದಾದರೆ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ನೀರು ತಾಗುವ ಗೋಡೆಗೆ ಬೇಡ ಅಂತ ನನ್ನ ಅಭಿಪ್ರಾಯ.

ಸಾಗರದಿಂದ ಒಬ್ಬರು:
ಅಪ್ಪ ಹೊಡೆದ ಬೆಣೆ ಇನ್ನೂ ಅಲುಗಾಡಿಲ್ಲ ಸರ್, ಅದೂ ಜಗುಲಿಯ ಹೊರಗಿನ ಗೋಡೆ. ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ರಿಪ್ಪನ್‌ಪೇಟೆಯಿಂದ, ಪ್ರಶ್ನೆ ಕೇಳಿದವರು:
ನೀವು ಹೇಳಿದ ಪ್ಲಗ್ ಇಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ತರಿಸಿದೆ. ಮೂರು ತೂತು ಚೆನ್ನಾಗಿ ಬಂತು. ಸ್ಕ್ರೂ ಮೊದಲು ಸಲೀಸಾಗಿ ಹೋಗಿ, ಕೊನೆಗೆ ಕೈಗೆ ಬಿಗಿ ಸಿಕ್ಕಿತು. ನಾಲ್ಕನೆಯದು ಮೇಲಿನ ಬಲಗಡೆದು. ಬಿಗಿ ಬಂದ ಹಾಗಾಗಿ ಮತ್ತೆ ಸಡಿಲ ಬಿಟ್ಟಿತು. ಅಲ್ಲಿ ಕೊರೆಯುವಾಗ ಮರಳು ಮರಳು ಉದುರಿತ್ತು.

ಶಿವಮೊಗ್ಗದ ಫಿಟ್ಟರ್:
ಅದು ಎರಡು ಬ್ಲಾಕ್ ಸೇರುವ ಸಂದಿ. ಹಾಲೋ ಬ್ಲಾಕ್ ಕಟ್ಟುವಾಗ ಗಾರೆಯನ್ನು ಎಷ್ಟೋ ಸಲ ಎರಡು ಅಂಚಿಗೆ ಮಾತ್ರ ಹಾಕುತ್ತಾರೆ, ನಡುವೆ ಖಾಲಿ. ಅಲ್ಲಿ ಗಂಟು ಬಿದ್ದರೂ ಗಾರೆ ಪುಡಿಯಾಗಿ ಜಾರುತ್ತದೆ. ಇನ್ನೂ ಬಿಗಿ ಮಾಡಲು ಹೋಗಬೇಡಿ. ಬ್ಲಾಕ್ ಎತ್ತರ ಎಂಟಿಂಚು, ಆದ್ದರಿಂದ ಎರಡೂ ಬ್ರಾಕೆಟ್ಟನ್ನು ಮಟ್ಟ ನೋಡಿಕೊಂಡು ನಾಲ್ಕು ಇಂಚು ಮೇಲಕ್ಕೆ ತಗೊಳ್ಳಿ. ಕೆಳಗಿನ ಸ್ಕ್ರೂ ಆಗ ಸಂದಿಗೆ ಬರುತ್ತದಾ ಅಂತ ಮೊದಲೇ ಅಳೆದು ನೋಡಿ. ಅದು ಆಗುವ ತನಕ ಭರಣಿ ಇಡಬೇಡಿ.