ಮೂರು ಮಂದಿ ಬರದ್ರೂ ಒಂದ ಅಂಗಡಿ ಮಾತಾಡಿದಂಗ ಇರಬೇಕಂದ್ರ ಹೆಂಗ?

ಕೇಳಿದವರು, ಹುಬ್ಬಳ್ಳಿ: ನಮ್ದು ಇಳಕಲ್ ಸೀರಿ, ಕಸೂತಿ ಸೀರಿ ಅಂಗಡಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿಗೆ ಮೂರು ಮಂದಿ ಪಾಳಿ ಮ್ಯಾಲೆ ಪೋಸ್ಟ್ ಹಾಕ್ತಾರ. ಒಬ್ಬಾಕಿ ಬರದ್ರ ಪಾಠದ ಪುಸ್ತಕ ಓದಿದಂಗ, ಇನ್ನೊಬ್ಬಾಕಿ "ಹಾಯ್ ಗರ್ಲ್ಸ್" ಅಂತಾಳ, ಮೂರನೇದವ ಬರೀ ರೇಟು, ಫೋನ್ ನಂಬರು. ಎಲ್ಲಾರೂ ಒಂದ ಥರ ಬರಿಯೋ ಹಂಗ ವಾಯ್ಸ್ ಗೈಡ್ ಮಾಡಿದವ್ರು ಇದ್ರ ಹೆಂಗ ಮಾಡಿದ್ರಿ ಹೇಳ್ರಿ.

ಧಾರವಾಡದ ಒಬ್ರು: ನಾವು ಕ್ಯಾನ್ವಾದಾಗ ಎಂಟು ಟೆಂಪ್ಲೇಟ್ ಮಾಡಿ ಇಟ್ಟೇವ್ರಿ, ಬಣ್ಣ, ಫಾಂಟು, ಲೋಗೋ ಎಲ್ಲಾ ಫಿಕ್ಸ್. ಯಾರು ಹಾಕಿದ್ರೂ ನಮ್ಮ ಪೋಸ್ಟ್ ಅಂತ ದೂರದಿಂದ ಗೊತ್ತಾಗ್ತದ. ಗೈಡ್ ಗೀಡ್ ಬ್ಯಾಡ, ಟೆಂಪ್ಲೇಟ್ ಸಾಕು.

ಹುಬ್ಬಳ್ಳಿ, ಒಂಬತ್ತು ವರ್ಷದಿಂದ ಅಂಗಡಿಗಳ ಪೋಸ್ಟ್ ನೋಡ್ಕೊಳ್ಳೋ ಅಕ್ಕ: ಟೆಂಪ್ಲೇಟ್ ಬೇಕ ಬೇಕು ಅಣ್ಣಾರ, ಆದ್ರ ಅದು ನೋಡಾಕ ಒಂದ ಥರ ಮಾಡ್ತದ, ಓದಾಕ ಅಲ್ಲ. ಒಂದ ಫಾಂಟಿನ್ಯಾಗ "ಹಾಯ್ ಗರ್ಲ್ಸ್"ನೂ ಬರ್ತದ, "ಗ್ರಾಹಕ ಬಂಧುಗಳಲ್ಲಿ ವಿನಂತಿ"ನೂ ಬರ್ತದ.

ನನ್ನ ಮೊದಲನೇ ಗೈಡ್ ಕೆಟ್ಟಿದ್ದು ಹೇಳ್ತೀನಿ. ರೊಟ್ಟಿ, ಶೇಂಗಾ ಚಟ್ನಿ ಮಾಡೋ ಒಂದು ಮನಿಯವರದ್ದು. ಹನ್ನೊಂದು ಪುಟ ಬರದಿದ್ದೆ, "ನಮ್ಮ ಮಾತು ಆತ್ಮೀಯ, ಸರಳ, ಸಂಪ್ರದಾಯದ್ದು" ಅಂತ. ಎಲ್ಲಾರೂ ಓದಿ ತಲಿ ಅಲ್ಲಾಡಿಸಿದ್ರು. ಮರುದಿನ ನೋಡಿದ್ರ, ಒಬ್ಬಾಕಿಗೆ ಆತ್ಮೀಯ ಅಂದ್ರ "ಪ್ರೀತಿಯ ಅಕ್ಕ ತಂಗಿಯರೇ", ಇನ್ನೊಬ್ಬಾಕಿಗೆ ಆತ್ಮೀಯ ಅಂದ್ರ ಆರು ಕೆಂಪು ಹಾರ್ಟ್. ಇಬ್ಬರೂ ನಾನು ಹೇಳಿದಂಗ ಮಾಡಿದ್ರು, ತಪ್ಪು ನಂದ. ಗುಣದ ಹೆಸರು ಬರದ್ರ ಅದನ್ನ ಒಬ್ಬೊಬ್ರು ಒಂದೊಂದು ಥರ ತಿಳ್ಕೋತಾರ. ಪೋಸ್ಟ್ ಹಾಕೋಕಿಂತ ಮೊದ್ಲ "ಇದ ಐತಿ, ಇದ ಇಲ್ಲ" ಅಂತ ಬಟ್ಟ ಇಟ್ಟು ನೋಡೋವಂಥ ಮಾತಿದ್ರ ಅಷ್ಟ ಗೈಡಿನ್ಯಾಗ ಬರೀರಿ.

ಎರಡನೇ ಸಲ ಏನ ಮಾಡಿದ್ವಿ ಅಂದ್ರ, ಹಳೇ ಪೋಸ್ಟ್ ನಲವತ್ತು ಪ್ರಿಂಟ್ ತಗದು, ಬರದವರ ಹೆಸರು ಕೊಡದ, ಆ ಮನಿ ಅಮ್ಮಾರ ಮುಂದ ನೆಲದ ಮ್ಯಾಲೆ ಹರವಿದ್ವಿ. "ಇದು ನಾ ಹೇಳಿದಂಗ ಐತಿ" ಅನ್ನೋದು ಒಂದು ಗುಂಪು, "ಇದು ನಮ್ದಲ್ಲ" ಅನ್ನೋದು ಇನ್ನೊಂದು. ನಲವತ್ತರಾಗ ಏಳ ಅವರದ್ದು ಅಂದ್ರು. ಆ ಏಳನ್ನ ಇಟ್ಕೊಂಡು ಕೂತ್ವಿ, ಯಾಕ ಏಳ ಅಂತ. ಆ ಏಳರಾಗೂ ತಿನ್ನೋ ಮಾತು ಇತ್ತು, ಒಂದರಾಗೂ "ಅದ್ಭುತ", "ಅಪ್ಪಟ" ಇರಲಿಲ್ಲ. ಆಮ್ಯಾಲೆ ಅಮ್ಮಾರು ಗಿರಾಕಿ ಜತಿ ಮಾತಾಡೋದನ್ನ, ಅವರಿಗೆ ಹೇಳೇ, ಅರ್ಧ ತಾಸು ರೆಕಾರ್ಡ್ ಮಾಡಿ ಬರ್ಕೊಂಡ್ವಿ. "ಖರೀದಿಸಿ" ಅಂತ ಒಮ್ಮೆನೂ ಅನ್ನಲಿಲ್ಲ, "ಒಂದು ತುಂಡು ಬಾಯಾಗ ಹಾಕ್ಕೊಂಡು ನೋಡ್ರಿ" ಅಂದ್ರು. ಗೈಡ್ ಅಲ್ಲೆ ಸಿಕ್ತು.

ಬ್ಯಾಡಗಿ ಕಡೆಯವರು: ವಾಯ್ಸ್ ಅಂದ್ರ ರೀಲ್ಸಿಗೆ ಕೊಡೋ ಧ್ವನಿ ಏನ್ರಿ? ನಮ್ಮ ಖಾರಪುಡಿ ರೀಲ್ಸಿಗೆ ನಮ್ಮ ಅತ್ತಿ ಮಾತಾಡ್ತಾರ, ಮಂದಿಗೆ ಭಾಳ ಸೇರ್ತದ. ಒಬ್ಬರ ಧ್ವನಿ ಇಟ್ಕೋರಿ, ಮೈಕ್ ಒಳ್ಳೇದು ತಗೋರಿ.

ಅದೇ ಅಕ್ಕ: ಇದು ಬರಿಯೋ ಮಾತಿನ ವಿಷಯ ಅಕ್ಕಾರ, ಆದ್ರ ನಿಮ್ಮ ಅತ್ತಿಯವರ ರೀಲ್ಸ್ ಹತ್ತು ಕೇಳಿ ಅಕ್ಷರಕ್ಕ ಅಕ್ಷರ ಬರ್ಕೊಂಡ್ರ ನಿಮ್ಮ ಕ್ಯಾಪ್ಶನ್ ಗೈಡ್ ಅರ್ಧ ಆದಂಗ.

ಸೀರಿ ಅಂಗಡಿಯವ್ರು ಕೇಳ್ರಿ, ಜೋಡಿ ಬರಿಯೋದು ಹೆಂಗ ಅಂತ ನಿಮ್ಮ ಸರಕ ತಗೊಂಡು ತೋರಿಸ್ತೀನಿ. ಮೊದ್ಲ ನಮ್ದಲ್ಲದ್ದು, ಆಮ್ಯಾಲೆ ಅದ ವಿಷಯ ನಮ್ಮ ಮಾತಿನ್ಯಾಗ, ಕೆಳಗ ಒಂದ ಸಾಲು ಯಾಕ ಅಂತ.

ನಮ್ದಲ್ಲ: "ಹಾಯ್ ಗರ್ಲ್ಸ್! ಸೂಪರ್ ಟ್ರೆಂಡಿ ಕಸೂತಿ ಕಲೆಕ್ಷನ್ ಬಂದಿದೆ, ಮಿಸ್ ಮಾಡ್ಕೋಬೇಡಿ!!"

ನಮ್ದು: "ಈ ಸೆರಗು ತಿರುವಿ ನೋಡ್ರಿ. ಗವಂತಿ ಹೊಲಿಗಿ, ಎಲ್ಲೂ ಗಂಟಿಲ್ಲ, ಒಳಗೂ ಹೊರಗೂ ಒಂದ ಚಿತ್ತಾರ. ಈ ಬಣ್ಣದಾಗ ಒಂದ ಸೀರಿ ಐತಿ."

ಯಾಕ: ಮೊದಲನೇ ಸಾಲಿನ್ಯಾಗ ಗಿರಾಕಿ ಕಣ್ಣಿಗೆ ಒಂದು ಕೆಲಸ ಕೊಡ್ತೀವಿ, ಹೊಗಳಿಕಿ ಶಬ್ದದ ಬದಲಿ ಕೈಕೆಲಸದ್ದು ಒಂದು ಖರೇ ಸಂಗತಿ ಹೇಳ್ತೀವಿ.

ಇದರಾಗ ಒಂದು ಅಪಾಯ ಐತಿ, ಹುಡುಗ್ರು ಈ ಸಾಲನ್ನ ಕಾಪಿ ಹೊಡದು ಎಲ್ಲಾ ಸೀರಿಗೂ ಹಾಕ್ತಾರ. ಗವಂತಿ, ಮುರ್ಗಿ ಎರಡೂ ಕಡೆ ಒಂದ ಥರ ಕಾಣ್ತಾವ, ಮೆಂತಿ ಹೊಲಿಗಿ ಹಂಗಲ್ಲ, ಹಿಂದಿನ ಮಗ್ಗಲು ಬ್ಯಾರೆನ ಇರ್ತದ. ಮಷಿನ್ ಕಸೂತಿಗೆ ಕೈ ಕಸೂತಿ ಮಾತು ಬರದ್ರಂತೂ ಗಿರಾಕಿ ವಾಪಸ್ ತಂದು ಮಾರಿ ಮ್ಯಾಲೆ ಹಿಡೀತಾರ. ಅದಕ್ಕ ಗೈಡಿನ್ಯಾಗ ಒಂದು ಶಬ್ದದ ಪಟ್ಟಿ ಇರಬೇಕು, ಯಾವ ಶಬ್ದ ಯಾವ ಸೀರಿಗೆ, ಮತ್ತ ಸ್ಪೆಲ್ಲಿಂಗ್ ಯಾವುದು. ಇಳಕಲ್ ಸೆರಗಿನ ಚಿತ್ತಾರಕ್ಕ ಟೋಪ ತೆನಿ, ತೋಪ್ ತೆನಿ, ಟೋಪು ತೆನೆ ಅಂತ ಮೂರು ಮಂದಿ ಮೂರು ಥರ ಬರೀತಿರ್ತಾರ, ಒಂದು ಹಿಡ್ಕೋರಿ. ಬೆಲಿ "ರೂ. 1,450" ಅಂತನೋ "1450/-" ಅಂತನೋ, ಅದೂ ಒಂದ.

ಗದಗದವರು: ನಾವು ಬೆಟಗೇರಿ ಕೈಮಗ್ಗದ ಸೀರಿ ಮಾರ್ತೀವಿ. ನೀವು "ಐತಿ" "ನೋಡ್ರಿ" ಅಂತ ಬರೀರಿ ಅಂತೀರಿ, ನಾವು ಹಂಗ ಬರದಾಗ ಮೈಸೂರು ಕಡೆ ಗಿರಾಕಿಯೊಬ್ರು "ಇದೇನು ನಾಟಕದ ಡೈಲಾಗಾ" ಅಂತ ಕೇಳಿದ್ರು, ಮನಸ್ಸಿಗೆ ಬ್ಯಾಸರಾತು. ಈಗ ಪೋಸ್ಟಿಗೆ "ಇದೆ", ಮೆಸೇಜಿಗೆ ಉತ್ತರ ಕೊಡೋವಾಗ "ಐತ್ರಿ". ಸರಿನೋ ತಪ್ಪೋ ನಮಗೂ ಇನ್ನೂ ಬಗಿಹರಿದಿಲ್ಲ.

ಅದೇ ಅಕ್ಕ: ಇದಕ್ಕ ನನ್ನ ಹತ್ರನೂ ಒಂದ ಉತ್ತರ ಇಲ್ರಿ. ರೊಟ್ಟಿಯವರಿಗೆ "ಐತಿ" ಹೊಂದಿತು, ಒಂದು ಬಂಗಾರದ ಅಂಗಡಿಯವರು ಬ್ಯಾಡಂದ್ರು. ಯಾವುದು ಇಟ್ಕೊಂಡ್ರೂ ಒಂದ ಪೋಸ್ಟಿನ್ಯಾಗ "ಐತಿ"ನೂ "ಇದೆ"ನೂ ಕಲಸಬ್ಯಾಡ್ರಿ, ಅದು ಓದೋರಿಗೆ ತಟ್ಟಂತ ಗೊತ್ತಾಗ್ತದ. ಗೈಡಿನ ಮೊದಲನೇ ಸಾಲು ಇದ ಇರಲಿ.

ಹಾವೇರಿಯಿಂದ: ಗಿರಾಕಿ ಸಿಟ್ಟಾದಾಗ? ನಮ್ಮ ಹುಡುಗ "ಬಣ್ಣ ಬಿಡ್ತು" ಅಂದವರಿಗೆ ನಗೋ ಮುಖ ಹಾಕಿ "ಚೆಕ್ ಮಾಡ್ತೀವಿ ಮೇಡಂ" ಅಂದ, ಅವರು ಸ್ಕ್ರೀನ್‌ಶಾಟ್ ತಗದು ಎಲ್ಲಾ ಕಡೆ ಹಾಕಿದ್ರು.

ಅದೇ ಅಕ್ಕ: ಅದಕ್ಕೂ ಜೋಡಿ ಬೇಕು. ಮಾತಾಡೋ ಮನಿಷಾ ಒಬ್ಬನ, ಆದ್ರ ಮದುವಿ ಮನ್ಯಾಗ ಮಾತಾಡಿದಂಗ ಸಾವಿನ ಮನ್ಯಾಗ ಮಾತಾಡೋದಿಲ್ಲಲ್ಲ. ತಕರಾರಿಗೆ ಇಮೋಜಿ ಇಲ್ಲ, ಮೊದ್ಲು ಅವರು ಹೇಳಿದ್ದನ್ನ ಒಪ್ಕೊಳ್ಳೋ ಸಾಲು, ಆಮ್ಯಾಲೆ ಯಾರು ಯಾವಾಗ ಫೋನ್ ಮಾಡ್ತಾರ ಅಂತ. "ನೀವು ಹೇಳಿದ್ದು ಓದಿದ್ವಿ, ಸೀರಿ ಬಣ್ಣ ಬಿಟ್ಟಿದ್ದು ನಮಗೂ ಬ್ಯಾಸರ. ಇವತ್ತ ಸಂಜಿ ಆರರೊಳಗ ಅಂಗಡಿಯಿಂದ ಫೋನ್ ಮಾಡ್ತೀವ್ರಿ."

ಕಡೀಗೆ ಪರೀಕ್ಷಾ. ಒಂದ ಸೀರಿ, ಒಂದ ಫೋಟೋ, ಐದು ಸಂಗತಿ ಮೂರೂ ಮಂದಿಗೆ ಕೊಡ್ರಿ, ಒಬ್ಬರದ್ದು ಒಬ್ಬರು ನೋಡದ ಬರೀಲಿ. ಹೆಸರು ಮುಚ್ಚಿ ಓದ್ರಿ. ಯಾರದ್ದು ಯಾವುದು ಅಂತ ಗೊತ್ತಾದ್ರ, ಯಾವ ಶಬ್ದದಿಂದ ಗೊತ್ತಾತು ಅಂತ ಗುರುತು ಹಾಕ್ರಿ. ಆ ಶಬ್ದಕ್ಕ ಗೈಡಿನ್ಯಾಗ ಇನ್ನೂ ಜಾಗ ಸಿಕ್ಕಿಲ್ಲ ಅಂತ ಅರ್ಥ. ಎರಡ ಪುಟ ದಾಟಿಸಬ್ಯಾಡ್ರಿ, ದಾಟಿದ್ರ ಯಾರೂ ತಗದು ನೋಡೂದಿಲ್ಲ.

ಕೇಳಿದವರು, ನಾಕು ದಿನದ ಮ್ಯಾಲೆ: ಪರೀಕ್ಷಾ ಮಾಡಿದ್ವಿ ಅಕ್ಕಾರ. ನಮ್ಮ ಅವ್ವ ಮೂರರಾಗ ಎರಡು ಗುರುತು ಹಿಡದ್ಲು. ಒಂದು "ಅತ್ಯಂತ" ಅನ್ನೋ ಶಬ್ದದಿಂದ, ಇನ್ನೊಂದು ಪ್ರತಿ ಸಾಲಿಗೂ ಎರಡು ಆಶ್ಚರ್ಯ ಚಿಹ್ನಿ ಇದ್ದದ್ದಕ್ಕ. ಎರಡೂ ಪಟ್ಟಿಗೆ ಹಾಕೇವಿ. ರೇಟು ಬರಿಯೋ ಹುಡುಗನ ಪೋಸ್ಟ ಅವ್ವಗ ಎಲ್ಲಾಕಿಂತ ಹೊಂದಿದ್ದು, ಅವ ಸಣ್ಣ ಸಾಲು ಬರೀತಾನ ಅಂತ. ಆರು ಜೋಡಿ ಆಗ್ಯಾವ, ಏಳನೇದು ತಕರಾರಿಂದು. ಅದರಾಗ "ನಮಗೂ ಬ್ಯಾಸರ" ಅನ್ನೋದು ಇರಲಿ ಅಂತ ನಾನು, "ಬದಲಿ ಸೀರಿ ಕೊಡ್ತೀವಿ" ಅಂತ ನೇರ ಬರೀರಿ ಅಂತ ಅವ್ವ. ಇನ್ನೂ ಕೂತೇವಿ.