ಅರ್ಧಗೋಳದ ನೀರಿನ ತೊಟ್ಟಿ: ಲೆಕ್ಕದಲ್ಲಿ 16,755 ಲೀಟರ್, ಮೀಟರಿನಲ್ಲಿ 12,700. ಎಲ್ಲಿ ಹೋಯ್ತು ಉಳಿದದ್ದು?

ಕೆಳಗಿನತೋಟ

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಮೇಲ್ಗಡೆ ದಿಬ್ಬದಲ್ಲಿ ನೆಲದೊಳಗೆ ಫೆರೋಸಿಮೆಂಟ್ ತೊಟ್ಟಿ ಕಟ್ಟಿಸಿದ್ದೇವೆ. ಬೋಗುಣಿ ಆಕಾರ, ಅಂದರೆ ಅರ್ಧಗೋಳ. ಒಳ ತ್ರಿಜ್ಯ 2 ಮೀಟರ್ ಅಂತ ಮೇಸ್ತ್ರಿ ಹೇಳಿದ್ದರು. ನಾನು ಶೀಟಿನಲ್ಲಿ ಹಾಕಿದ ಸೂತ್ರ ಇದು, B2 ಅಂದರೆ ತ್ರಿಜ್ಯ:

```
=2/3*PI()*B2^3*1000
```

16,755 ಲೀಟರ್ ಬಂತು. ಹಳ್ಳದಿಂದ ಪಂಪ್ ಹಾಕಿ, ಪೈಪಿಗೆ ನೀರಿನ ಮೀಟರ್ ಕೂರಿಸಿ ಮೊದಲ ಸಲ ತುಂಬಿಸಿದೆವು. ಓವರ್‌ಫ್ಲೋ ಪೈಪಿನಲ್ಲಿ ನೀರು ಬರೋ ಹೊತ್ತಿಗೆ ಮೀಟರ್ ತೋರಿಸಿದ್ದು 12,700 ಲೀಟರ್. ನಾಲ್ಕು ಸಾವಿರ ಲೀಟರ್ ಕಡಿಮೆ! ತೊಟ್ಟಿ ಸೋರ್ತಾ ಇದೆಯಾ? ಸೂತ್ರ ತಪ್ಪಾ? ಬೇಸಿಗೆಯಲ್ಲಿ ಎಷ್ಟು ದಿನಕ್ಕೆ ನೀರು ಬರುತ್ತೆ ಅಂತ ಇದೇ ಲೆಕ್ಕ ನಂಬಿಕೊಂಡಿದ್ದೆ.

ಲೆಕ್ಕದ_ಮೇಷ್ಟ್ರು

ಸೂತ್ರ ಸರಿ ಇದೆ ಮೇಡಂ. ಆದರೆ ಅದು ಪೂರ್ತಿ ಅರ್ಧಗೋಳಕ್ಕೆ ಮಾತ್ರ. ಬಾಯಿಯ ಅಗಲದ ಅರ್ಧಕ್ಕೂ ನಡುವಿನ ಆಳಕ್ಕೂ ಒಂದೇ ಅಳತೆ ಬರಬೇಕು. ಟೇಪ್ ಹಿಡಿದು ಎರಡನ್ನೂ ಅಳೆದು ಹೇಳ್ತೀರಾ?

ಕೆಳಗಿನತೋಟ

ಅಳೆದೆವು ಸರ್. ಬಾಯಿಯ ಅಗಲ ಅಂಚಿನಿಂದ ಅಂಚಿಗೆ 3.80 ಮೀಟರ್. ನಡುವೆ ಆಳ, ಅಂಚಿನ ಮಟ್ಟದಿಂದ ತಳಕ್ಕೆ, 1.75 ಮೀಟರ್. ಅಂದರೆ ಒಳ ತ್ರಿಜ್ಯ 2 ಮೀಟರ್ ಅಲ್ಲವೇ ಅಲ್ಲ!

ಲೆಕ್ಕದ_ಮೇಷ್ಟ್ರು

ಅಲ್ಲೇ ಇದೆ ನೋಡಿ ವಿಷಯ. ಬಾಯಿಯ ಅರ್ಧ 1.90, ಆಳ 1.75. ಹಾಗಾಗಿ ಇದು ಅರ್ಧಗೋಳ ಅಲ್ಲ, ಅದಕ್ಕಿಂತ ಚಿಕ್ಕ ಗೋಳಖಂಡ. ಅದಕ್ಕೆ ಬೇರೆ ಸೂತ್ರ ಇದೆ. a ಅಂದರೆ ಬಾಯಿಯ ಅರ್ಧ, h ಅಂದರೆ ಆಳ:

```
V = π h (3a² + h²) / 6
  = π × 1.75 × (10.83 + 3.0625) / 6
  = 12.73 ಘನ ಮೀಟರ್
```

12,730 ಲೀಟರ್. ನಿಮ್ಮ ಮೀಟರ್ 12,700. ಬಗೆಹರಿಯಿತು ಅಲ್ವಾ?

ಕೊಟ್ಟಿಗೆಮನೆ

ನಮ್ಮಲ್ಲೂ ಇದೇ ಗೋಳು. ದೀನಬಂಧು ಮಾದರಿ ಗೋಬರ್ ಗ್ಯಾಸ್. ಗುಮ್ಮಟದ ಒಳ ತ್ರಿಜ್ಯ ಒಂದೂವರೆ ಮೀಟರ್ ಹಿಡಿದರೆ ಏಳು ಘನ ಮೀಟರ್ ಬರುತ್ತೆ. ಅಷ್ಟು ಗ್ಯಾಸ್ ಇದ್ದರೆ ಒಲೆ ಎಷ್ಟು ಹೊತ್ತು ಉರೀಬೇಕು! ಅದರ ಕಾಲು ಭಾಗವೂ ಉರಿಯಲ್ಲ. ನಿಮ್ಮ ಗುಮ್ಮಟದಲ್ಲೂ ಮೇಲೆ ಬಿರುಕು ಇದೆಯಾ ನೋಡಿ ಅಕ್ಕ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತೆ.

ಹಳೇ_ಓವರ್ಸಿಯರ್

ಕೊಟ್ಟಿಗೆಮನೆಯವರೇ, ಇವರದ್ದು ಮಗುಚಿಟ್ಟ ಗುಮ್ಮಟ, ಒಳಗಿರುವುದು ನೀರು. ನಿಮ್ಮದಕ್ಕೆ ಆಮೇಲೆ ಬರ್ತೀನಿ.

ಮೊದಲು ಸೋರಿಕೆಯ ಭಯ ಬಿಡಿಸೋಣ. ತುಂಬಿಸುವಾಗ ತೊಟ್ಟಿ ಸೋರಿದ್ದರೆ ಸೋರಿದ ನೀರೂ ಮೀಟರ್ ದಾಟಿಯೇ ಬಂದಿರಬೇಕು. ಆಗ ಮೀಟರ್ ಜಾಸ್ತಿ ತೋರಿಸುತ್ತೆ, ಕಡಿಮೆ ಅಲ್ಲ. ಹೊಸ ಗಾರೆ ನೀರು ಕುಡಿದರೂ ಹಾಗೇ. ಹಾಗಾಗಿ ಈ ನಾಲ್ಕು ಸಾವಿರ ಸೋರಿ ಹೋದದ್ದಲ್ಲ. ಅಷ್ಟು ಜಾಗ ತೊಟ್ಟಿಯೊಳಗೆ ಇರಲೇ ಇಲ್ಲ.

2 ಮೀಟರ್ ಎಲ್ಲಿಂದ ಬಂತು ಅಂತ ನನಗೆ ಅಂದಾಜಿದೆ. ಗುಂಡಿ ತೋಡುವಾಗ ಬಾಯಿಗೆ ಅಡ್ಡ ಮರ ಇಟ್ಟು, ನಟ್ಟನಡುವೆ ಮೊಳೆ ಹೊಡೆದು, ತಂತಿ ಕಟ್ಟಿ ಎಲ್ಲ ದಿಕ್ಕಿಗೂ ತಿರುಗಿಸ್ತಾರೆ. ತಂತಿ 2 ಮೀಟರ್ ಇದ್ದಿರಬೇಕು. ಅದು ಮಣ್ಣಿನ ತ್ರಿಜ್ಯ. ಅದರ ಒಳಗೆ ಗಾರೆ, ಬಲೆ, ಮತ್ತೆ ಗಾರೆ ಸೇರಿ 10 ಸೆಂಟಿಮೀಟರ್ ತಿಂದಿದೆ. 10 ಸೆಂಟಿಮೀಟರ್ ಏನು ಮಹಾ ಅನ್ಸುತ್ತೆ. ಆದರೆ ತ್ರಿಜ್ಯ ಮೂರು ಸಲ ಗುಣಿಸಿಕೊಳ್ಳುತ್ತೆ. ಅಲ್ಲಿಗೇ 16,755 ಇದ್ದದ್ದು 14,365ಕ್ಕೆ ಇಳಿಯಿತು.

ಇನ್ನು ಮೇಷ್ಟ್ರ ಲೆಕ್ಕ. ಗೋಳಖಂಡದ ಸೂತ್ರ ಸರಿಯೇ. ಆದರೆ 12,730 ಅನ್ನೋದು ಅಂಚಿನವರೆಗೆ ತುಂಬಿದರೆ. ಮೇಡಂ ಅಳೆದದ್ದು ಓವರ್‌ಫ್ಲೋ ಪೈಪಿನವರೆಗೆ. ಪೈಪ್ ಅಂಚಿಗಿಂತ ಕೆಳಗೇ ಇರುತ್ತೆ. ಎರಡು ಸಂಖ್ಯೆ ಹತ್ತಿರ ಬಂದದ್ದು ಬರೀ ಕಾಕತಾಳೀಯ ಅಂತ ನನ್ನ ಗುಮಾನಿ.

ಆಳ 15 ಸೆಂಟಿಮೀಟರ್ ಕಡಿಮೆ ಇರೋದಕ್ಕೆ ಎರಡು ಕಾರಣ ಇರಬಹುದು. ಇಡೀ ಬೋಗುಣಿಯೇ ತಟ್ಟೆಯಂತೆ ಚಪ್ಪಟೆ ಆಗಿರಬಹುದು, ಅದು ಮೇಷ್ಟ್ರು ಹೇಳಿದ್ದು. ಇಲ್ಲವೇ ಬೋಗುಣಿ ಸರಿಯಾದ ಅರ್ಧಗೋಳವೇ ಆಗಿದ್ದು, ನಿಂತು ಕೆಲಸ ಮಾಡಲಿಕ್ಕೆ ತಳದಲ್ಲಿ ಮಾತ್ರ ಕಾಂಕ್ರೀಟ್ ಹಾಕಿ ಮಟ್ಟ ಮಾಡಿರಬಹುದು. ಬಾಯಿ ಮತ್ತು ಆಳ ಎರಡನ್ನೇ ಅಳೆದರೆ ಯಾವುದು ಅಂತ ಗೊತ್ತಾಗೋದಿಲ್ಲ. ಎರಡರ ನಡುವೆ 1,500 ಲೀಟರ್ ವ್ಯತ್ಯಾಸ ಇದೆ.

ಮೂರನೇ ಅಳತೆ ಬೇಕು. ಬಾಯಿಗೆ ಅಡ್ಡ ಹಲಗೆ ಇಟ್ಟು ತೂಗುಗುಂಡು ಬಿಡಿ. ಅಂಚಿನಿಂದ 95 ಸೆಂಟಿಮೀಟರ್ ಕೆಳಗೆ ಎರಡೂ ಬದಿ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನಡುವಿನ ಮೂಲಕ ಹಾಯುವ ಹಾಗೆ ಅಗಲ ಅಳೆಯಿರಿ. ಅರ್ಧಗೋಳ ಆಗಿದ್ದರೆ 3.29 ಮೀಟರ್ ಬರಬೇಕು. ಚಪ್ಪಟೆ ಬೋಗುಣಿ ಆಗಿದ್ದರೆ 3.10ರ ಹತ್ತಿರ. 18-19 ಸೆಂಟಿಮೀಟರ್ ವ್ಯತ್ಯಾಸ, ಟೇಪಿನಲ್ಲಿ ಎದ್ದು ಕಾಣುತ್ತೆ. ಹಾಗೇ ಓವರ್‌ಫ್ಲೋ ಪೈಪಿನ ಒಳ ತಳ ಅಂಚಿನಿಂದ ಎಷ್ಟು ಕೆಳಗಿದೆ ಅಂತಲೂ ನೋಡಿ. ಏಣಿ ಇಟ್ಟೇ ಇಳಿಯಿರಿ, ಒಬ್ಬರು ಮೇಲೆ ಇರಲಿ. ತೊಟ್ಟಿ ಹೊಸದು, ಬಿಸಿಲಲ್ಲಿ ತುಂಬಾ ಹೊತ್ತು ಒಣಗಲು ಬಿಡಬೇಡಿ.

ಕೊಟ್ಟಿಗೆಮನೆಯವರೇ, ನಿಮ್ಮ ಗುಮ್ಮಟದಲ್ಲಿ ಅರ್ಧಗೋಳ ಪೂರ್ತಿ ಗ್ಯಾಸ್ ಇರೋದಿಲ್ಲ. ಬಗ್ಗಡದ ಮಟ್ಟದಿಂದ ಮೇಲಿನ ಟೋಪಿಯಷ್ಟೇ ಗ್ಯಾಸಿನ ಜಾಗ. ಉದಾಹರಣೆಗೆ ನೆತ್ತಿಯಿಂದ 60 ಸೆಂಟಿಮೀಟರ್ ಕೆಳಗೆ ಬಗ್ಗಡ ಇದ್ದರೆ ಅಲ್ಲಿ ಒಂದೂವರೆ ಘನ ಮೀಟರ್ ಕೂಡ ಸಿಗೋಲ್ಲ. ಏಳು ಎಲ್ಲಿ, ಒಂದೂವರೆ ಎಲ್ಲಿ!

ಕೊಟ್ಟಿಗೆಮನೆ

ಓ, ಹಾಗಾ! ಆದರೆ ಸರ್, ಬಗ್ಗಡದ ಮಟ್ಟ ಒಳಗೆ ಎಲ್ಲಿದೆ ಅಂತ ಹೊರಗಿನಿಂದ ನೋಡೋದು ಹೇಗೆ? ಗ್ಯಾಸ್ ತುಂಬಿದಾಗ ಬಗ್ಗಡ ಕೆಳಗೆ ಹೋಗಿ ಹೊರಗಿನ ತೊಟ್ಟಿಯಲ್ಲಿ ಏರುತ್ತೆ, ಒಲೆ ಹಚ್ಚಿದರೆ ವಾಪಸ್ ಬರುತ್ತೆ. ಯಾವ ಮಟ್ಟ ಹಿಡೀಲಿ?

ಹಳೇ_ಓವರ್ಸಿಯರ್

ಅದೇ ಕಷ್ಟ. ಒತ್ತಡವೂ ಬದಲಾಗುತ್ತೆ, ಬರೀ ಗಾತ್ರ ತಿಳಿದರೆ ಸಾಲದು. ಬೇರೆ ಚರ್ಚೆ ಶುರು ಮಾಡಿ, ಹೊರತೊಟ್ಟಿಯ ಅಳತೆಗಳನ್ನೂ ಹಾಕಿ. ಇಲ್ಲಿ ಬೆರೆಸಿದರೆ ಎರಡೂ ಗೋಜಲಾಗುತ್ತೆ.

ಕೆಳಗಿನತೋಟ

ನೀರನ್ನೆಲ್ಲ ತೋಟಕ್ಕೆ ಬಿಟ್ಟು ಇಳಿದು ಅಳೆದೆವು. 95 ಸೆಂಟಿಮೀಟರ್ ಕೆಳಗೆ ಅಗಲ 3.28 ಮೀಟರ್. ಎರಡು ದಿಕ್ಕಿಗೂ ಅಳೆದೆವು, ಎರಡೂ ಕಡೆ ಅಷ್ಟೇ. ತಳ ನಿಜಕ್ಕೂ ಮಟ್ಟವಾಗಿದೆ. ನಟ್ಟನಡುವೆ ಬಟ್ಟಲಿನ ಆಕಾರ ಇಲ್ಲ, ಸುಮಾರು ಒಂದೂವರೆ ಮೀಟರ್ ಅಗಲದ ಚಪ್ಪಟೆ ಜಾಗ. ಓವರ್‌ಫ್ಲೋ ಪೈಪ್ ಅಂಚಿನಿಂದ 12 ಸೆಂಟಿಮೀಟರ್ ಕೆಳಗೆ.

ಲೆಕ್ಕದ_ಮೇಷ್ಟ್ರು

ಹಾಗಾದರೆ ಅರ್ಧಗೋಳವೇ. ಒಪ್ಪಿದೆ ಸರ್, 3.10 ಅಲ್ಲ. ಆದರೆ ಪೈಪ್ ಬರೀ 12 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟೊಂದು ನೀರು ಹೋಗುತ್ತಾ?

ಹಳೇ_ಓವರ್ಸಿಯರ್

ಹೋಗುತ್ತೆ. ಬೋಗುಣಿಯಲ್ಲಿ ಅಗಲ ಇರೋದೇ ಮೇಲೆ. ತಳದಿಂದ ನೀರಿನ ಎತ್ತರ h ಅಂದುಕೊಂಡರೆ:

```
V = π h² (3r − h) / 3
r = 1.90, h = 1.78  →  13,006 ಲೀಟರ್
r = 1.90, h = 0.15  →     131 ಲೀಟರ್
```

ಅಂಚಿನವರೆಗೆ 14,365, ಪೈಪಿನವರೆಗೆ 13,006. ಮೇಲಿನ 12 ಸೆಂಟಿಮೀಟರಿಗೇ 1,359 ಲೀಟರ್ ಹೋಯಿತು. ತಳದಲ್ಲಿ 15 ಸೆಂಟಿಮೀಟರ್ ಕಾಂಕ್ರೀಟ್ ತುಂಬಿದ್ದಕ್ಕೆ ಹೋದದ್ದು 131 ಮಾತ್ರ. ಹಾಗಾಗಿ ಮಟ್ಟ ಮಾಡಿದ್ದಕ್ಕೆ ಮೇಸ್ತ್ರಿಯ ಮೇಲೆ ಸಿಟ್ಟು ಬೇಡ, ತೊಳೆಯೋಕೆ ಅನುಕೂಲ. ಪೈಪನ್ನು ಐದಾರು ಸೆಂಟಿಮೀಟರ್ ಮೇಲೆ ಕೂರಿಸಿದ್ದರೆ ಆರುನೂರು ಲೀಟರ್ ಹೆಚ್ಚು ಸಿಗ್ತಿತ್ತು. ಆದರೆ ಪೂರ್ತಿ ಅಂಚಿಗೆ ತರಬೇಡಿ. ಜೋರು ಮಳೆಯಲ್ಲಿ ಪೈಪ್ ಎಳೆಯೋ ಮೊದಲೇ ಅಂಚು ಮೀರಿ ಹರಿದರೆ ಹೊರಗಿನ ಮಣ್ಣು ಕೊಚ್ಚಿಹೋಗುತ್ತೆ.

ಒಟ್ಟು 13,006 ರಲ್ಲಿ 131 ಕಳೆದರೆ 12,875 ಲೀಟರ್. ಇದು ನಿಮ್ಮ ತೊಟ್ಟಿಯ ನಿಜವಾದ ಅಳತೆ.

ಬೇಸಿಗೆಯ ಲೆಕ್ಕಕ್ಕೆ ಇನ್ನೊಂದು ಮಾತು. ಅಳತೆ ಕೋಲು ಇಟ್ಟರೆ ಅರ್ಧ ಎತ್ತರಕ್ಕೆ ಅರ್ಧ ನೀರು ಅಂತ ಗುರುತು ಹಾಕಬೇಡಿ. ಕೋಲು ಪೂರ್ತಿ 1.63 ಮೀಟರ್ ಒದ್ದೆ ಆದಾಗ 12,875. ಅದರ ಅರ್ಧ, 81.5 ಸೆಂಟಿಮೀಟರ್ ಒದ್ದೆ ಆದಾಗ ಇರೋದು 4,486 ಲೀಟರ್ ಮಾತ್ರ. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಶೀಟಿನಲ್ಲಿ B3ಗೆ ಕೋಲಿನ ಒದ್ದೆ ಎತ್ತರ ಮೀಟರಿನಲ್ಲಿ ಹಾಕಿ:

```
=PI()*(B3+0.15)^2*(5.7-(B3+0.15))/3*1000-131
```

ಕೆಳಗಿನತೋಟ

ಹಾಕಿದೆ, 1.63ಕ್ಕೆ 12,875 ಬಂತು. ತುಂಬಾ ಉಪಕಾರ ಆಯ್ತು ಸರ್. ಅರ್ಧ ಕೋಲಿನ ವಿಷಯ ಗೊತ್ತಿಲ್ಲದೆ ಹೋಗಿದ್ದರೆ ಏಪ್ರಿಲ್‌ನಲ್ಲಿ ತೋಟ ಒಣಗುತ್ತಿತ್ತು.

ಲೆಕ್ಕದ_ಮೇಷ್ಟ್ರು

ಮೀಟರ್ 12,700 ಅಂತು. ಇನ್ನೂ 175 ಲೀಟರ್ ಹೊಂದುತ್ತಿಲ್ಲ. ಅದು?

ಹಳೇ_ಓವರ್ಸಿಯರ್

ಅದಕ್ಕೆ ಹಲವು ಕಾರಣ ಇರಬಹುದು. ಈ ತೊಟ್ಟಿಯಲ್ಲಿ ತ್ರಿಜ್ಯ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ಇನ್ನೂರು ಲೀಟರಿಗೂ ಮೇಲೆ ಬದಲಾಗುತ್ತೆ. ಗಾರೆ ಅಷ್ಟು ನಯವಾಗಿ ಎಲ್ಲ ಕಡೆ ಒಂದೇ ದಪ್ಪಕ್ಕೆ ಬರೋಲ್ಲ. ನೀರಿನ ಮೀಟರಿಗೂ ಶೇಕಡ 2ರಷ್ಟು ವ್ಯತ್ಯಾಸಕ್ಕೆ ಅವಕಾಶ ಇದೆ, ಅದೇ 250 ಲೀಟರ್ ಆಯಿತು. ಮೇಡಂ, ಪಂಪ್ ಹಾಕುವಾಗ ತೊಟ್ಟಿ ಪೂರ್ತಿ ಖಾಲಿ ಇತ್ತಾ?

ಕೆಳಗಿನತೋಟ

ಇಲ್ಲ ಸರ್, ಕ್ಯೂರಿಂಗ್‌ಗೆ ಬಿಟ್ಟ ನೀರು ತಳದಲ್ಲಿ ಇತ್ತು. ಪಾದ ಮುಳುಗುವಷ್ಟು. ಅಳೆದಿರಲಿಲ್ಲ.

ಲೆಕ್ಕದ_ಮೇಷ್ಟ್ರು

ನಿಮ್ಮ ಶೀಟಿನಲ್ಲಿ B3ಗೆ 0.08 ಹಾಕಿ ನೋಡಿದೆ, 172 ಲೀಟರ್ ಬಂತು. ಪಾದ ಮುಳುಗಲು 8 ಸೆಂಟಿಮೀಟರ್ ಸಾಕು!

ಹಳೇ_ಓವರ್ಸಿಯರ್

ಇರಬಹುದು. ಆದರೆ 12,730 ಕೂಡ ಹೀಗೇ ಚೆನ್ನಾಗಿ ಹೊಂದಿತ್ತು ಮೇಷ್ಟ್ರೇ. ಮುಂದಿನ ಸಲ ತುಂಬಿಸುವ ಮೊದಲು ತಳದ ನೀರನ್ನು ಕೋಲಿನಲ್ಲಿ ಅಳೆದು, ಆಮೇಲೆ ಪಂಪ್ ಹಾಕಿ ಮೇಡಂ. ತುಂಬಿದ ಮೇಲೆ ಪಂಪ್ ನಿಲ್ಲಿಸಿ, ಓವರ್‌ಫ್ಲೋ ಹನಿಯೋದು ನಿಂತ ಮೇಲೆ ಗೋಡೆಗೆ ಪೆನ್ಸಿಲ್ ಗುರುತು ಹಾಕಿ, ರಾತ್ರಿ ಬಿಡಿ. ಪಕ್ಕದಲ್ಲಿ ಒಂದು ಬಕೆಟ್ ನೀರೂ ಇಡಿ, ಆವಿಯಾಗಿದ್ದು ಎಷ್ಟು ಅಂತ ತಿಳಿಯೋಕೆ. ಆ ಮಟ್ಟದಲ್ಲಿ ಒಂದು ಸೆಂಟಿಮೀಟರ್ ಇಳಿದರೆ 113 ಲೀಟರ್. ಬಕೆಟ್ಟಿಗಿಂತ ತೊಟ್ಟಿ ಜಾಸ್ತಿ ಇಳಿದಿದ್ದರೆ ಮಾತ್ರ ಸೋರಿಕೆ ಹುಡುಕೋಣ.

ಕೆಳಗಿನತೋಟ

ಹಳ್ಳದಲ್ಲಿ ಈಗ ನೀರು ಕಡಿಮೆ. ತುಂಬಿಸಿದ ಕೂಡಲೇ ಮೀಟರ್, ಕೋಲು, ಪೆನ್ಸಿಲ್ ಗುರುತು ಮೂರೂ ಬರೆದು ಹಾಕ್ತೀನಿ.